ಕೋರ್ಟಿನ ದಿನಾಂಕಕ್ಕೆ ಮೊದಲು ‘ವಾಪಸು ಬಾ’ ಎಂಬ ಕರೆ ಬಂದರೆ

ಪ್ರಶ್ನೆ: ನನಗೆ 33 ವರ್ಷ. ಮದುವೆಯಾಗಿ ಏಳು ವರ್ಷ, ಐದು ವರ್ಷದ ಮಗಳಿದ್ದಾಳೆ. ಒಂದೂವರೆ ವರ್ಷದಿಂದ ಹುಬ್ಬಳ್ಳಿಯ ತವರಿನಲ್ಲಿದ್ದೇನೆ, ಗಂಡ ಬೆಂಗಳೂರಿನಲ್ಲಿದ್ದಾರೆ. ನನಗೆ ತಿಳಿಸದೆ ತಮ್ಮನ ವ್ಯಾಪಾರಕ್ಕೆಂದು ಆರು ಲಕ್ಷ ಸಾಲ ಮಾಡಿದ್ದರು. ಕೇಳಿದರೆ ದಿನಗಟ್ಟಲೆ ಮಾತು ಬಿಡುತ್ತಿದ್ದರು. ಹೊಡೆತ ಬಡಿತ ಎಂದೂ ಇರಲಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿ ನಾಲ್ಕು ತಿಂಗಳಾಯಿತು. ಕಳೆದ ತಿಂಗಳು ಮಗಳಿಗೆ ಡೆಂಗಿ ಬಂದಾಗ ಅವರು ಓಡಿ ಬಂದು ಮೂರು ರಾತ್ರಿ ಆಸ್ಪತ್ರೆಯಲ್ಲಿ ಕುಳಿತರು. ಅಂದಿನಿಂದ ದಿನವೂ ಫೋನ್ ಮಾಡಿ, ‘ಆದದ್ದೆಲ್ಲ ಮರೆತು ವಾಪಸು ಬಾ’ ಎನ್ನುತ್ತಾರೆ. ನನಗೂ ಮನಸ್ಸಿದೆ, ಭಯವೂ ಇದೆ. ಅಪ್ಪ ‘ಹೋಗುವುದಾದರೆ ಮತ್ತೆ ಈ ಹೊಸಿಲು ತುಳಿಯಬೇಡ’ ಎನ್ನುತ್ತಿದ್ದಾರೆ. ಇನ್ನೆರಡು ತಿಂಗಳಲ್ಲಿ ಕೋರ್ಟಿನ ದಿನಾಂಕ. ಏನು ಬದಲಾಗಿದ್ದರೆ ನಾನು ಹೋಗಬಹುದು?

ಉತ್ತರ: ಮೊದಲು ಆ ದಿನಾಂಕದ ಭಯವನ್ನು ಪಕ್ಕಕ್ಕಿಡೋಣ. ಅದು ತಲೆಯ ಮೇಲೆ ತೂಗುತ್ತಿರುವವರೆಗೆ ಬೇರೆ ಯಾವ ಮಾತೂ ನಿಮ್ಮ ಕಿವಿಗೆ ಸರಿಯಾಗಿ ಬೀಳುವುದಿಲ್ಲ.

ನಿಮ್ಮದು ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನ ಅರ್ಜಿ ಎಂದುಕೊಂಡಿದ್ದೇನೆ. ವಿಶೇಷ ವಿವಾಹ ಕಾಯ್ದೆಯಲ್ಲೂ ಲೆಕ್ಕ ಇದೇ. ಮೊದಲ ಅರ್ಜಿ ಹಾಕಿ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳು ತುಂಬುವುದರೊಳಗೆ, ಗಂಡ ಹೆಂಡತಿ ಇಬ್ಬರೂ ಸೇರಿ ‘ಹೌದು, ನಮಗೆ ವಿಚ್ಛೇದನ ಬೇಕು’ ಎಂದು ಎರಡನೇ ಸಲ ಹೇಳಬೇಕು. ಹಾಗೆ ಹೇಳದೆ ಇದ್ದರೆ ನಿಮ್ಮ ಮದುವೆ ತಾನಾಗಿ ಮುರಿದುಬೀಳುವುದಿಲ್ಲ. ತೀರ್ಪು ಬರುವ ಗಳಿಗೆಯವರೆಗೂ ಒಪ್ಪಿಗೆ ಇಬ್ಬರಲ್ಲೂ ಇರಬೇಕು, ಒಬ್ಬರು ಹಿಂದೆ ಸರಿದರೂ ಆ ಅರ್ಜಿ ಮುಂದೆ ಹೋಗದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅಂದರೆ ನಿಮ್ಮ ಕೈಯಲ್ಲಿ ಎರಡು ತಿಂಗಳಲ್ಲ, ಒಂದು ವರ್ಷಕ್ಕೂ ಮೀರಿದ ಕಾಲವಿದೆ. ಆ ದಿನ ಕೋರ್ಟಿಗೆ ಹೋಗಿ ‘ನಾವು ಮಾತುಕತೆಯಲ್ಲಿದ್ದೇವೆ, ಸಮಯ ಬೇಕು’ ಎಂದು ಇಬ್ಬರೂ ಹೇಳಬಹುದು. ಕುಟುಂಬ ನ್ಯಾಯಾಲಯಕ್ಕೆ ಇಂಥ ಮಾತು ಹೊಸದೇನೂ ಅಲ್ಲ. ರಾಜಿಗೆ ಮೊದಲು ಪ್ರಯತ್ನಿಸಬೇಕೆಂಬುದು ಆ ನ್ಯಾಯಾಲಯಗಳನ್ನು ಹುಟ್ಟುಹಾಕಿದ 1984ರ ಕಾಯ್ದೆಯಲ್ಲೇ ಇದೆ.

ಇದರ ಬೆನ್ನಿಗೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಪರಸ್ಪರ ಒಪ್ಪಿಗೆಯ ಅರ್ಜಿ ಹಾಕಲು ಅದಕ್ಕೆ ಹಿಂದಿನ ಒಂದು ವರ್ಷ ಬೇರೆಯಾಗಿ ಬಾಳಿರಬೇಕು. ನೀವೀಗ ಅವರೊಂದಿಗೆ ಸಂಸಾರ ಹೂಡಿ, ಆರು ತಿಂಗಳಲ್ಲಿ ಮತ್ತೆ ಮುರಿದುಬಿದ್ದರೆ, ಆ ಒಂದು ವರ್ಷದ ಎಣಿಕೆ ಬಹುಮಟ್ಟಿಗೆ ಹೊಸದಾಗಿ ಶುರುವಾಗುತ್ತದೆ. ಹೋಗುವ ಮೊದಲು ವಕೀಲರ ಬಳಿ ಇದೊಂದನ್ನು ಕೇಳಿಕೊಳ್ಳಿ. ‘ಬಂದು ನೋಡು, ಆಗದಿದ್ದರೆ ಇದ್ದೇ ಇದೆಯಲ್ಲ ಕೋರ್ಟು’ ಎಂದು ಯಾರಾದರೂ ಹಗುರವಾಗಿ ಹೇಳಿದರೆ ಅವರಿಗೆ ಈ ಲೆಕ್ಕ ಗೊತ್ತಿಲ್ಲ ಎಂದೇ ತಿಳಿಯಿರಿ.

ಇನ್ನು ಆಸ್ಪತ್ರೆಯ ಆ ಮೂರು ರಾತ್ರಿಗಳು. ಅವು ಸುಳ್ಳಲ್ಲ. ನಿಮ್ಮ ಗಂಡ ಒಳ್ಳೆಯ ತಂದೆ ಎಂಬುದಕ್ಕೆ ಅದು ಸಾಕ್ಷಿ, ನಿಮ್ಮ ಮೇಲಿನ ಮಮತೆ ಆರಿಲ್ಲ ಎಂಬುದಕ್ಕೂ ಇರಬಹುದು. ಆದರೆ ನಿಮ್ಮಿಬ್ಬರ ಸಂಸಾರ ಮುರಿದದ್ದು ಮಗಳ ಜ್ವರದ ರಾತ್ರಿ ಅವರು ಬಾರದೆ ಹೋದದ್ದಕ್ಕಲ್ಲ. ಅದು ಮುರಿದದ್ದು ಒಂದು ಸಾಲದ ಪತ್ರಕ್ಕೆ ಗುಟ್ಟಾಗಿ ಬಿದ್ದ ಸಹಿಗೆ, ಆಮೇಲೆ ಮನೆ ತುಂಬಿದ ಮೌನಕ್ಕೆ. ಅವರು ಬದಲಾಗಿದ್ದಾರೋ ಇಲ್ಲವೋ ಎಂಬುದು ಅಲ್ಲಿ ಮಾತ್ರ ಗೊತ್ತಾಗುತ್ತದೆ. ರಾತ್ರಿ ಒಂಬತ್ತೂವರೆಯ ಫೋನಿನಲ್ಲಿ ಕಂತಿಲ್ಲ, ಬಾಡಿಗೆಯಿಲ್ಲ, ತಮ್ಮನ ಅಂಗಡಿಯಿಲ್ಲ, ತಿಂಗಳ ಕೊನೆಯ ವಾರವಿಲ್ಲ. ಅಲ್ಲಿ ಯಾರಾದರೂ ಸಿಹಿಯಾಗಿಯೇ ಮಾತನಾಡುತ್ತಾರೆ. ಆ ಸಿಹಿಯನ್ನು ಅನುಭವಿಸಿ, ಬೇಡ ಎನ್ನುವುದಿಲ್ಲ; ಅದನ್ನು ಪುರಾವೆಯೆಂದು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ.

ಬಿಟ್ಟು ಮತ್ತೆ ಕೂಡುವ ಜೋಡಿಗಳ ಬಗ್ಗೆ ಅಮೆರಿಕದಲ್ಲಿ ರೆನೆ ಡೈಲಿ ಮತ್ತಿತರರು ವರ್ಷಗಟ್ಟಲೆ ಅಧ್ಯಯನ ಮಾಡಿದ್ದಾರೆ. ಇಂಥ ಜೋಡಿಗಳಲ್ಲಿ ಸರಾಸರಿಯಲ್ಲಿ ಜಗಳ ಹೆಚ್ಚು, ತೃಪ್ತಿ ಕಡಿಮೆ ಎಂಬುದು ಅವರಿಗೆ ಮತ್ತೆ ಮತ್ತೆ ಕಂಡಿದೆ. ಆ ಅಧ್ಯಯನಗಳಲ್ಲಿ ಇದ್ದವರು ಬಹುಪಾಲು ಮದುವೆಯಾಗದ ಹುಡುಗ ಹುಡುಗಿಯರು. ಹಾಗಾಗಿ ಏಳು ವರ್ಷದ ಸಂಸಾರವನ್ನು, ಅದರಲ್ಲೂ ಮಗುವಿರುವ ಸಂಸಾರವನ್ನು ಅದೇ ತಕ್ಕಡಿಯಲ್ಲಿ ತೂಗಲಾಗದು. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಸ್ಕಾಟ್ ಸ್ಟ್ಯಾನ್ಲಿ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು 2006ರಲ್ಲಿ ಮುಂದಿಟ್ಟ ಒಂದು ವಿಚಾರ. ಜನ ಸಂಬಂಧದ ದೊಡ್ಡ ಹೆಜ್ಜೆಗಳನ್ನು ಎಷ್ಟೋ ಸಲ ನಿರ್ಧರಿಸಿ ಇಡುವುದಿಲ್ಲ, ಅದರೊಳಕ್ಕೆ ಜಾರುತ್ತಾರೆ ಎನ್ನುತ್ತಾರೆ ಅವರು. ನಮ್ಮಲ್ಲಿ ಆ ಜಾರುವಿಕೆ ಹೇಗಿರುತ್ತದೆಂದು ನಾನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ದೀಪಾವಳಿಗೆ ಮಗುವನ್ನು ಕರೆದುಕೊಂಡು ಎರಡು ದಿನವೆಂದು ಹೋಗುತ್ತಾರೆ. ಎರಡು ದಿನ ವಾರವಾಗುತ್ತದೆ. ಬರುವಾಗ ಒಂದು ಚೀಲ ಅಲ್ಲೇ ಉಳಿಯುತ್ತದೆ. ಮುಂದಿನ ಸಲ ಕುಕ್ಕರು ಹೋಗುತ್ತದೆ, ಜೂನ್ ಬಂದರೆ ಶಾಲೆಯ ಸೇರ್ಪಡೆ. ಒಂದು ದಿನ ನೋಡಿದರೆ ಸಂಸಾರ ಮತ್ತೆ ನಡೆಯುತ್ತಿರುತ್ತದೆ, ಸಾಲದ ಮಾತನ್ನು ಮಾತ್ರ ಯಾರೂ ಎತ್ತಿರುವುದಿಲ್ಲ. ಮನೆ ತಣ್ಣಗಿದೆಯಲ್ಲ, ಕೆದಕುವುದೇಕೆ ಎಂದು ಇಬ್ಬರಿಗೂ ಅನ್ನಿಸಿರುತ್ತದೆ.

ಈ ವಿಷಯಕ್ಕೆ ನನ್ನ ಬಳಿ ಬಂದಿದ್ದ ಒಂದು ಜೋಡಿಯ ಕಥೆ ಹೇಳಿದರೆ ಸುಲಭವಾದೀತು. ಊರು, ಉದ್ಯೋಗ ಬದಲಿಸಿದ್ದೇನೆ, ದಾವಣಗೆರೆಯವರು ಎಂದುಕೊಳ್ಳಿ. ಆಕೆ ಶಾಲೆಯ ಶಿಕ್ಷಕಿ, ಆತ ಒಂದು ಸಂಸ್ಥೆಯ ಲೆಕ್ಕಪತ್ರ ನೋಡುವವನು. ತಂಗಿಯ ಮದುವೆಗೆ ಹಣ ಸಾಲದಾದಾಗ ಆತ ಹೆಂಡತಿಯ ನಾಲ್ಕು ಬಳೆಗಳನ್ನು ಬೀರುವಿನಿಂದ ತೆಗೆದು ಗಿರವಿ ಇಟ್ಟಿದ್ದ. ಬಿಡಿಸಿ ತಂದು ಸುಮ್ಮನೆ ಅಲ್ಲೇ ಇಟ್ಟುಬಿಡುವ ಲೆಕ್ಕಾಚಾರ. ಬಿಡಿಸಲಾಗಲಿಲ್ಲ. ಆಕೆ ಒಂದು ಸೀಮಂತಕ್ಕೆ ಹೊರಟು ಡಬ್ಬಿ ತೆರೆದಾಗ ಒಳಗೆ ಹತ್ತಿ ಮಾತ್ರ ಇತ್ತು. ಹನ್ನೊಂದು ತಿಂಗಳು ಬೇರೆ ಇದ್ದರು. ಯುಗಾದಿಗೆ ಹಿರಿಯರೆಲ್ಲ ಸೇರಿ ಕೂಡಿಸಿದರು, ಬಳೆಯೂ ವಾಪಸು ಬಂತು, ಆತ ಎಲ್ಲರೆದುರು ಕೈಮುಗಿದ. ಏಳು ವಾರಕ್ಕೆ ಮತ್ತೆ ಮುರಿಯಿತು. ನನ್ನ ಬಳಿ ಅವರು ಬಂದದ್ದು ಆಮೇಲೆ. ಎರಡನೇ ಸಲ ಕೂಡಲು ಐದು ತಿಂಗಳು ತೆಗೆದುಕೊಂಡರು, ಈಗಲೂ ಒಟ್ಟಿಗಿದ್ದಾರೆ. ಒಂದೇ ಗಂಡ, ಒಂದೇ ಹೆಂಡತಿ, ಎರಡು ಸಲದ ಕೂಡಿಕೆ. ನಡುವೆ ಬದಲಾದದ್ದು ಏನು ಎಂಬುದೇ ನಿಮ್ಮ ಪ್ರಶ್ನೆಗೆ ಉತ್ತರ.

ಯುಗಾದಿಯ ರಾಜಿಯಲ್ಲಿ ಆತ ಬಳೆಗೆ ಕ್ಷಮೆ ಕೇಳಿದ್ದ. ಆದರೆ ಆಕೆಗೆ ನೋವಾದದ್ದು ಬಳೆ ಹೋದದ್ದಕ್ಕಲ್ಲ. ನಾಲ್ಕು ತಿಂಗಳು ಆತ ಅದೇ ಬೀರುವಿನ ಮುಂದೆ ನಿಂತು ತಲೆ ಬಾಚಿಕೊಂಡು ಕೆಲಸಕ್ಕೆ ಹೋಗಿದ್ದನಲ್ಲ, ಅದಕ್ಕೆ. ಈ ವ್ಯತ್ಯಾಸ ಆತನಿಗೆ ತಿಳಿದೇ ಇರಲಿಲ್ಲ, ಹಿರಿಯರೂ ಕೇಳಿರಲಿಲ್ಲ. ನಾನು ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಬೇರೆ ಬೇರೆ ಕುಳಿತು, ಸಂಸಾರ ಮುರಿದದ್ದು ಹೇಗೆ ಎಂದು ಒಂದು ಪುಟ ಬರೆದು ತರಲು ಹೇಳಿದೆ. ಮೊದಲ ಸಲ ಆತ ತಂದ ಪುಟದಲ್ಲಿ ‘ಪರಿಸ್ಥಿತಿ ಹಾಗಿತ್ತು’, ‘ಹಣ ಹೊಂದಲಿಲ್ಲ’, ‘ಅವಳಿಗೆ ತಿಳಿದುಬಿಟ್ಟಿತು’ ಎಂದಿತ್ತು. ಇಡೀ ಪುಟದಲ್ಲಿ ‘ನಾನು’ ಎಂದು ಶುರುವಾಗುವ ವಾಕ್ಯ ಎರಡೇ, ಎರಡೂ ತನ್ನ ಕಷ್ಟದ ಬಗ್ಗೆ. ಆಕೆಯ ಪುಟದಲ್ಲಿ ‘ಅವರು’ ಬಿಟ್ಟರೆ ಬೇರೆ ಕರ್ತೃವೇ ಇರಲಿಲ್ಲ. ಮೂರನೇ ಸಲ ಬರೆದಾಗ ಆತ ಬರೆದದ್ದು ಹೀಗೆ: ‘ನಾನು ಕೇಳಿದ್ದರೆ ಅವಳು ಕೊಡುತ್ತಿದ್ದಳು ಎಂದು ನನಗೆ ಗೊತ್ತಿತ್ತು. ಆದರೆ ಕೇಳಿದರೆ ನನ್ನ ಸಂಬಳ ಎಷ್ಟು ಸಾಲದು ಎಂಬುದು ಅವಳಿಗೆ ಗೊತ್ತಾಗುತ್ತಿತ್ತು.’ ಆಕೆ ಅದನ್ನು ಓದಿ ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ತನ್ನ ಹಾಳೆಯ ಕೆಳಗೆ ತಾನೇ ಒಂದು ಸಾಲು ಸೇರಿಸಿದಳು: ‘ಅವರ ಸಂಬಳವನ್ನು ನನ್ನ ಅಣ್ಣನ ಸಂಬಳದ ಜೊತೆ ಹೋಲಿಸಿ ಆಡಿಕೊಂಡಿದ್ದೇನೆ.’

ನಿಮಗೂ ನಾನು ಹೇಳುವ ಮೊದಲ ಕೆಲಸ ಇದೇ. ‘ಮರೆತು ಬಾ’ ಎನ್ನುವವರಿಗೆ, ‘ಮರೆಯುವ ಮೊದಲು ಒಂದು ಸಲ ಸರಿಯಾಗಿ ನೆನಪಿಸಿಕೊಳ್ಳೋಣ, ಬರೆದು ಕಳಿಸಿ, ನಾನೂ ಬರೆಯುತ್ತೇನೆ’ ಎನ್ನಿ. ಆ ಪುಟದಲ್ಲಿ ನೋಡಬೇಕಾದದ್ದು ಕ್ಷಮೆಯ ಮಾತು ಎಷ್ಟಿದೆ ಎಂಬುದನ್ನಲ್ಲ. ಆರು ಲಕ್ಷದ ವಿಷಯವನ್ನು ನಿಮ್ಮಿಂದ ಮುಚ್ಚಿಟ್ಟದ್ದು ಏಕೆ ಎಂಬುದಕ್ಕೆ ಅವರದೇ ಒಳಗಿನ ಕಾರಣ ಒಂದಾದರೂ ಬಂದಿದೆಯೇ ನೋಡಿ. ‘ತಮ್ಮ ಕಷ್ಟದಲ್ಲಿದ್ದ’ ಎಂಬುದು ಸಾಲ ಮಾಡಿದ್ದಕ್ಕೆ ಕಾರಣ, ಮುಚ್ಚಿಟ್ಟದ್ದಕ್ಕಲ್ಲ. ‘ಹೇಳಿದರೆ ನೀನು ಬೇಡ ಎನ್ನುತ್ತಿದ್ದೆ’ ಎಂದು ಬರೆದರೆ ಅದು ಅರ್ಧ ನಿಜ, ಅಲ್ಲಿಂದ ಮಾತು ಮುಂದುವರಿಸಬಹುದು. ಬರೆಯುವುದನ್ನೇ ತಿಂಗಳುಗಟ್ಟಲೆ ಮುಂದೂಡಿದರೆ, ಅಥವಾ ‘ಇದೆಲ್ಲ ಯಾವ ಕೌನ್ಸೆಲರ್ ಹೇಳಿಕೊಟ್ಟದ್ದು’ ಎಂದು ಸಿಡುಕಿದರೆ, ಆ ಪುಟದಲ್ಲಿ ಓದಬೇಕಿದ್ದದ್ದನ್ನು ನೀವು ಓದಿದಂತೆಯೇ.

ಎರಡನೆಯದು ಹಣದ ವ್ಯವಸ್ಥೆ. ವ್ಯವಸ್ಥೆ ಎಂದೇ ಹೇಳುತ್ತಿದ್ದೇನೆ, ಏಕೆಂದರೆ ‘ಇನ್ನು ಮುಂದೆ ಹಾಗೆ ಮಾಡುವುದಿಲ್ಲ’ ಎಂಬ ಮಾತನ್ನು ಹೇಳುವವರು ಆ ಕ್ಷಣದಲ್ಲಿ ನಿಜವಾಗಿಯೇ ಹೇಳುತ್ತಾರೆ. ತಮ್ಮ ಮತ್ತೆ ಕಣ್ಣೀರು ಹಾಕಿಕೊಂಡು ಬಂದು ನಿಂತಾಗ ಆ ಮಾತು ನಿಲ್ಲುವುದಿಲ್ಲ, ಮನೆಯ ಏರ್ಪಾಟು ಮಾತ್ರ ನಿಲ್ಲುತ್ತದೆ.

ಏರ್ಪಾಟಿಗೆ ಮೊದಲು ಇರುವುದು ಎಷ್ಟು ಎಂದು ತಿಳಿಯಬೇಕು. ನಮ್ಮಲ್ಲಿ ಸಾಲದ ದಾಖಲೆ ಇಡುವ ನಾಲ್ಕು ಸಂಸ್ಥೆಗಳಿವೆ, ಸಿಬಿಲ್ ಅವುಗಳಲ್ಲಿ ಒಂದು. ರಿಸರ್ವ್ ಬ್ಯಾಂಕ್ ನಿಯಮದಂತೆ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಇವುಗಳಿಂದ ತಮ್ಮ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡು, ಫೋನಿನ ಆ್ಯಪ್‌ಗಳಲ್ಲಿ ತೆಗೆದ ಸಣ್ಣಪುಟ್ಟ ಸಾಲ, ಬೇರೆಯವರಿಗೆ ಜಾಮೀನು ನಿಂತದ್ದು, ಕಟ್ಟದೆ ಬಿಟ್ಟ ಕಂತು ಎಲ್ಲ ಬಹುಮಟ್ಟಿಗೆ ಅದರಲ್ಲಿ ಬರುತ್ತವೆ. ನಿಮ್ಮ ಗಂಡ ಅದನ್ನು ತೆಗೆದು ನಿಮ್ಮ ಎದುರು ಇಡಲಿ, ನೀವು ನಿಮ್ಮದನ್ನು ತೆಗೆದು ಅವರ ಎದುರು ಇಡಿ. ಇದು ಪರೀಕ್ಷೆ ಅನ್ನಿಸಬಾರದೆಂದರೆ ಇಬ್ಬರದೂ ಮೇಜಿನ ಮೇಲೆ ಬರಬೇಕು. ಆ ವರದಿಗೆ ಸಿಗದವೂ ಇವೆ: ಸ್ನೇಹಿತರ ಕೈಸಾಲ, ಚೀಟಿ ಎತ್ತಿ ಬಾಕಿ ಉಳಿದ ಕಂತು, ಗಿರವಿ ಅಂಗಡಿಯ ಚೀಟಿ, ಬಡ್ಡಿಗೆ ತಂದ ಹಣ. ಅವನ್ನು ಬಾಯಿಬಿಟ್ಟು ಕೇಳಬೇಕು, ಅವರು ಬಾಯಿಬಿಟ್ಟು ಹೇಳಬೇಕು. ನೀವು ಸಹಸಾಲಗಾರರಾಗಿಯೋ ಜಾಮೀನುದಾರರಾಗಿಯೋ ಸಹಿ ಹಾಕಿರದಿದ್ದರೆ ಅವರ ಸಾಲ ತೀರಿಸುವ ಹೊಣೆ ಸಾಮಾನ್ಯವಾಗಿ ನಿಮ್ಮ ಮೇಲೆ ಬರುವುದಿಲ್ಲ. ವಾಪಸು ಹೋಗುವ ಸಂಭ್ರಮದಲ್ಲಿ ‘ಇರುವ ಸಾಲವನ್ನೆಲ್ಲ ಸೇರಿಸಿ ಒಂದೇ ಮಾಡೋಣ, ನೀನೂ ಸಹಿ ಹಾಕು’ ಎಂಬ ಮಾತು ಬಂದರೆ ಒಂದು ವರ್ಷ ಕಳೆಯುವವರೆಗೆ ಪೆನ್ನು ಮುಟ್ಟಬೇಡಿ.

ದಾವಣಗೆರೆಯ ಜೋಡಿ ಕೊನೆಗೆ ಮಾಡಿಕೊಂಡ ಏರ್ಪಾಟು ಬಹಳ ಸಾದಾ. ತಿಂಗಳ 28ನೇ ತಾರೀಕು, ಸಂಬಳ ಬರುವ ಮೊದಲು, ರಾತ್ರಿ ಊಟವಾದ ಮೇಲೆ ನಲವತ್ತು ನಿಮಿಷ ಒಂದು ನೋಟ್‌ಬುಕ್ ಇಟ್ಟುಕೊಂಡು ಕುಳಿತುಕೊಳ್ಳುವುದು. ಆತನ ತಾಯಿಗೆ ಕಳಿಸುವ ಎಂಟು ಸಾವಿರಕ್ಕೆ ಆಕೆ ಎಂದೂ ಅಡ್ಡಿ ಬರುವುದಿಲ್ಲ, ಅದು ಮೊದಲ ಸಾಲಿನಲ್ಲೇ ಬರೆದಾಗಿರುತ್ತದೆ. ಇಬ್ಬರಿಗೂ ಮೂರು ಮೂರು ಸಾವಿರ ಲೆಕ್ಕ ಕೇಳದ ಹಣ. ಐದು ಸಾವಿರ ಮೀರಿ ಮನೆಯ ಹೊರಗಿನ ಯಾರಿಗೇ ಕೊಡುವುದಿದ್ದರೂ, ಆತನ ಕಡೆಯವರಿರಲಿ ಆಕೆಯ ಕಡೆಯವರಿರಲಿ, ಕೊಡುವ ಮೊದಲು ಹೇಳಬೇಕು. ‘ಕೇಳಬೇಕು’ ಎಂದು ಬರೆಯಬೇಕೋ ‘ಹೇಳಬೇಕು’ ಎಂದು ಬರೆಯಬೇಕೋ ಎಂಬುದಕ್ಕೇ ಒಂದು ಇಡೀ ಬೈಠಕ್ಕು ಹಿಡಿಯಿತು! ‘ಕೇಳಬೇಕು’ ಎಂದರೆ ತಾನು ಮಗುವಾದಂತೆ ಎಂದು ಆತ ಹಟ ಹಿಡಿದ. ‘ಹೇಳಬೇಕು, ಒಂದು ರಾತ್ರಿ ಕಳೆಯಬೇಕು, ಆಮೇಲೆ ಕೊಡಬೇಕು’ ಎಂದು ಇತ್ಯರ್ಥವಾಯಿತು. ಆ ಒಂದು ರಾತ್ರಿ ಎಂಬುದು ನನ್ನ ಸಲಹೆಯಲ್ಲ, ಅವರೇ ಕಂಡುಕೊಂಡದ್ದು, ಅದಕ್ಕೇ ಉಳಿಯಿತು. ನಿಮ್ಮ ಮನೆಯ ಮೊತ್ತ ಬೇರೆ, ಮಾತು ಬೇರೆ ಇರಬಹುದು. ಆದರೆ ‘ತಮ್ಮನಿಗೆ ಒಂದು ರೂಪಾಯಿ ಕೊಡಕೂಡದು’ ಎಂಬ ಷರತ್ತು ಮಾತ್ರ ಹಾಕಬೇಡಿ. ಅದನ್ನು ಅವರು ಪಾಲಿಸಲಾರರು, ಮತ್ತೆ ಗುಟ್ಟು ಶುರುವಾಗುತ್ತದೆ. ನೀವೇ ಆ ಗುಟ್ಟಿಗೆ ಜಾಗ ಮಾಡಿಕೊಟ್ಟಂತಾಗುತ್ತದೆ.

ಮೂರನೆಯದು ಆ ಮೌನ. ಸಾಲಕ್ಕಿಂತ ಇದೇ ಕಠಿಣ ಎಂಬುದು ನನ್ನ ಅಭಿಪ್ರಾಯ. ಸಾಲಕ್ಕೆ ಕೊನೆಯ ಕಂತು ಎಂಬುದಿರುತ್ತದೆ.

ಮಾತು ಬಿಡುವವರೆಲ್ಲ ಸೇಡಿಗಾಗಿ ಬಿಡುವುದಿಲ್ಲ. ಜಗಳ ಏರಿದಾಗ ಕೆಲವರ ಮೈ ಅಪಾಯ ಬಂದಂತೆ ವರ್ತಿಸುತ್ತದೆ: ಎದೆ ಹೊಡೆದುಕೊಳ್ಳುತ್ತದೆ, ಕಿವಿಗೆ ಮಾತು ಬಿದ್ದರೂ ಅರ್ಥವಾಗುವುದಿಲ್ಲ, ಬಾಯಿ ಕಟ್ಟಿಹೋಗುತ್ತದೆ. ದಂಪತಿಗಳನ್ನು ಪ್ರಯೋಗಾಲಯದಲ್ಲಿ ಕೂರಿಸಿ ದಶಕಗಳ ಕಾಲ ಅಭ್ಯಸಿಸಿದ ಜಾನ್ ಗಾಟ್‌ಮನ್, ನಾಡಿ ನಿಮಿಷಕ್ಕೆ ನೂರು ದಾಟಿದ ಮೇಲೆ ನಡೆಯುವ ಮಾತು ಮಾತಲ್ಲ ಎನ್ನುತ್ತಾರೆ. ಮೈ ತಣ್ಣಗಾಗಲು ಕಡಿಮೆಯೆಂದರೂ ಇಪ್ಪತ್ತು ನಿಮಿಷ ಬೇಕು. ನನ್ನ ಕೋಣೆಯಲ್ಲಿ ಒಮ್ಮೆ ಬಳೆಯ ಮಾತು ಬಂದಾಗ ಆತ ಕಿಟಕಿಯ ಕಡೆ ತಿರುಗಿ ಕುಳಿತ. ಆಕೆ ‘ನೋಡಿ, ಮನೆಯಲ್ಲೂ ಹೀಗೆಯೇ’ ಎಂದಳು. ಮಣಿಕಟ್ಟಿನ ಮೇಲೆ ಬೆರಳಿಟ್ಟು ಎಣಿಸಲು ಆತನಿಗೆ ಹೇಳಿದೆ. ನೂರಾ ಹದಿನಾಲ್ಕು. ಕುರ್ಚಿಯಲ್ಲಿ ಅಲುಗಾಡದೆ ಕುಳಿತಿದ್ದ ಮನುಷ್ಯ! ತನ್ನನ್ನು ಕಡೆಗಣಿಸುತ್ತಿದ್ದಾನೆಂದು ಆಕೆ ಆರು ವರ್ಷ ತಿಳಿದಿದ್ದವನು ಒಳಗೆ ಓಡುತ್ತಿದ್ದ.

ಇಷ್ಟು ಹೇಳಿದೆನೆಂದು ಮೌನಕ್ಕೆ ರಿಯಾಯಿತಿ ಕೊಟ್ಟಂತಲ್ಲ. ಅರ್ಧ ಗಂಟೆಯ ಮೌನ ಮೈಯದು, ಮೂರು ದಿನದ ಮೌನ ಮನಸ್ಸಿನ ತೀರ್ಮಾನ. ಹಾಗಾಗಿ ಎದ್ದು ಹೋಗುವವರೇ ಹೇಳಿ ಹೋಗಬೇಕು, ಹೇಳಿದ ಹೊತ್ತಿಗೆ ತಾವೇ ಬಂದು ಮಾತು ತೆಗೆಯಬೇಕು. ‘ಈಗ ನನ್ನಿಂದ ಆಗುತ್ತಿಲ್ಲ, ಒಂಬತ್ತೂವರೆಗೆ ಮಾತನಾಡೋಣ’ ಎಂಬ ಒಂದು ವಾಕ್ಯ ಸಾಕು. ನಿಮ್ಮ ಪಾಲೂ ಇದೆ: ಆ ಒಂಬತ್ತೂವರೆಯವರೆಗೆ ಬಾಗಿಲ ಹಿಂದಿನಿಂದ ಜಗಳ ಮುಂದುವರಿಸುವಂತಿಲ್ಲ, ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂತೆಯೂ ಇಲ್ಲ. ಇದು ಫೋನಿನಲ್ಲೇ ಅಭ್ಯಾಸವಾಗಬಹುದು, ಹುಬ್ಬಳ್ಳಿ ಬೆಂಗಳೂರು ದೂರ ಇದಕ್ಕೆ ಅನುಕೂಲವೇ. ಸಾಲದ ಮಾತು ತೆಗೆದ ದಿನ ಕರೆ ಕಡಿತವಾಗಿ ಮರುದಿನ ‘ಊಟ ಆಯಿತಾ’ ಎಂಬ ಸಂದೇಶ ಬಂದರೆ, ಮೌನ ಇನ್ನೂ ಇದೆ, ಊಟದ ವೇಷದಲ್ಲಿದೆ.

ಈ ಮೂರರಲ್ಲಿ ಬದಲಾವಣೆ ಕಂಡಿದೆ ಅನ್ನಿಸಿದ ಮೇಲೂ ಗಂಟುಮೂಟೆ ಕಟ್ಟಿಕೊಂಡು ಒಂದೇ ಸಲ ಹೋಗಬೇಡಿ. ಮೂರು ನಾಲ್ಕು ತಿಂಗಳು ಹೋಗಿ ಬಂದು ಮಾಡಿ. ಹಬ್ಬಕ್ಕೆ ಹೋಗಬೇಡಿ, ಹಬ್ಬದಲ್ಲಿ ಎಲ್ಲರೂ ಒಳ್ಳೆಯವರು. ತಿಂಗಳ ಕೊನೆಯ ವಾರದಲ್ಲಿ, ಅವರಿಗೆ ಕಚೇರಿಯಿರುವ ದಿನಗಳಲ್ಲಿ ಹೋಗಿ. ಒಂದು ಸಲವಾದರೂ ಅವರ ತಾಯಿ, ತಮ್ಮ ಬಂದುಹೋಗುವ ದಿನ ಅಲ್ಲಿರಿ. ಮುರಿದ ದಿನಗಳಲ್ಲಿ ಇದ್ದ ಸನ್ನಿವೇಶ ಮತ್ತೆ ಎದುರಾಗಬೇಕು, ಆಗ ಇಬ್ಬರೂ ಏನು ಮಾಡುತ್ತೀರಿ ಎಂಬುದೇ ಲೆಕ್ಕ. ದಾವಣಗೆರೆಯವರಿಗೆ ಅದು ನಾಲ್ಕನೇ ತಿಂಗಳಲ್ಲಿ ಬಂತು. ಆತ ಸಹೋದ್ಯೋಗಿಯೊಬ್ಬನಿಗೆ ಇಪ್ಪತ್ತು ಸಾವಿರ ಕೊಟ್ಟುಬಿಟ್ಟಿದ್ದ, ಹೇಳದೆಯೇ. ಆದರೆ ಅದೇ ರಾತ್ರಿ ಫೋನ್ ಮಾಡಿ, ‘ನಿಯಮ ಮುರಿದಿದ್ದೇನೆ’ ಎಂದ. ಆಕೆ ಸಿಟ್ಟಿನಿಂದ ಕುದಿಯುತ್ತಲೇ ನನಗೆ ಫೋನ್ ಮಾಡಿದಳು, ಎಲ್ಲ ಮುಗಿಯಿತು ಎಂಬಂತೆ. ನನಗೆ ಮಾತ್ರ ಮೊದಲ ಸಲ ಇವರು ಉಳಿಯಬಹುದು ಅನ್ನಿಸಿತು. ನಾಲ್ಕು ತಿಂಗಳು ಮುಚ್ಚಿಟ್ಟಿದ್ದವನು ನಾಲ್ಕು ಗಂಟೆ ಮುಚ್ಚಿಡಲಾರದೆ ಹೋಗಿದ್ದ. ಹಳೆಯ ಚಾಳಿ ಮತ್ತೆ ತಲೆಯೆತ್ತುವುದಿಲ್ಲ ಎಂದು ಕಾಯಬೇಡಿ, ಎತ್ತಿಯೇ ಎತ್ತುತ್ತದೆ. ಎತ್ತಿದ್ದು ನಿಮಗೆ ಯಾರಿಂದ, ಎಷ್ಟು ಬೇಗ ತಿಳಿಯುತ್ತದೆ ಎಂಬುದನ್ನು ನೋಡಿ.

ಮಗಳಿಗೆ ಸದ್ಯ ಏನನ್ನೂ ಹೇಳಬೇಡಿ. ‘ಅಪ್ಪನ ಮನೆಗೆ ಹೋಗಿ ಬರುತ್ತೇವೆ’ ಎಂದರೆ ಸಾಕು. ಐದು ವರ್ಷದ ಮಗು ಎರಡು ಸಲ ಒಟ್ಟಿಗೆ ಕಂಡದ್ದನ್ನು ಶಾಶ್ವತ ಎಂದುಕೊಳ್ಳುತ್ತದೆ. ಶಾಲೆ ಬದಲಿಸುವುದು ಏನಿದ್ದರೂ ವರ್ಷ ಮುಗಿದ ಮೇಲೆ.

ನಿಮ್ಮ ತಂದೆಯ ಮಾತು ಕಠೋರವಾಗಿ ಕೇಳುತ್ತದೆ, ಆದರೆ ಒಂದೂವರೆ ವರ್ಷ ನಿಮ್ಮ ಅಳು ಕೇಳಿದವರು ಅವರು. ಅಳಿಯನ ಬದಲಾವಣೆ ನಿಮಗೆ ಫೋನಿನಲ್ಲಿ ಕಂಡಿದೆ, ಅವರಿಗೆ ಎಲ್ಲೂ ಕಂಡಿಲ್ಲ. ನೀವು ಗಂಡನ ವಕೀಲರಂತೆ ಅಪ್ಪನೆದುರು ನಿಂತು ವಾದಿಸಬೇಡಿ. ನಿಮ್ಮ ಗಂಡನೇ ಹುಬ್ಬಳ್ಳಿಗೆ ಬಂದು ಮಾವನ ಎದುರು ಕುಳಿತು, ಏನು ಮಾಡಿದೆ, ಸಾಲ ಎಷ್ಟು ಉಳಿದಿದೆ ಎಂಬುದನ್ನು ಹೇಳಲಿ. ಅಲ್ಲಿ ಇಬ್ಬರೇ ಇರಲಿ, ದೊಡ್ಡಪ್ಪ ಚಿಕ್ಕಪ್ಪಂದಿರ ಸಭೆ ಬೇಡ. ಈ ಮಾತನ್ನು ನನ್ನದೇ ತಪ್ಪಿನಿಂದ ಕಲಿತೆ. ವೃತ್ತಿಯ ಮೊದಲ ವರ್ಷಗಳಲ್ಲಿ ಎರಡೂ ಕಡೆಯ ಹಿರಿಯರನ್ನು ಕೂರಿಸಿ ಒಂದು ಸಂಸಾರವನ್ನು ಒಂದೇ ಮಧ್ಯಾಹ್ನದಲ್ಲಿ ಕೂಡಿಸಿ ಹೆಮ್ಮೆಪಟ್ಟಿದ್ದೆ. ಹನ್ನೆರಡು ಜನರ ಎದುರು ಒಪ್ಪಿದ್ದರಿಂದ, ಮತ್ತೆ ಕಷ್ಟ ಶುರುವಾದಾಗ ಆ ಹೆಣ್ಣುಮಗಳಿಗೆ ಹೇಳಿಕೊಳ್ಳಲು ಬಾಯೇ ಇರಲಿಲ್ಲ. ಒಂದು ವರ್ಷದ ಮೇಲೆ ಬಂದಳು, ಹನ್ನೊಂದು ಕಿಲೋ ಇಳಿದಿದ್ದಳು. ‘ಹೋದರೂ ಈ ಮನೆಯ ಬಾಗಿಲು ತೆರೆದಿರುತ್ತದೆ’ ಎಂಬ ಮಾತನ್ನು ನಿಮ್ಮ ತಂದೆಯಿಂದ ಪಡೆದೇ ಹೋಗಿ. ಹಿಂದಿರುಗಲು ದಾರಿಯಿಲ್ಲದವಳು ಗಂಡನೆದುರು ಸಾಲದ ಮಾತು ಎತ್ತಲು ಹೆದರುತ್ತಾಳೆ, ಆಗ ಮೇಲೆ ಹೇಳಿದ ಯಾವ ಏರ್ಪಾಟೂ ನಡೆಯುವುದಿಲ್ಲ.

ಇಬ್ಬರಲ್ಲಿ ಒಬ್ಬರಿಗೆ ಮನಸ್ಸು, ಇನ್ನೊಬ್ಬರಿಗೆ ಅನುಮಾನ ಇದ್ದಾಗ ನೇರವಾಗಿ ದಾಂಪತ್ಯ ಚಿಕಿತ್ಸೆಗೆ ಇಳಿದರೆ ಅದು ಹಗ್ಗಜಗ್ಗಾಟವಾಗುತ್ತದೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಬಿಲ್ ಡೊಹರ್ಟಿ ಇದಕ್ಕೆಂದೇ ಐದು ಬೈಠಕ್ಕು ಮೀರದ ಒಂದು ಕ್ರಮ ರೂಪಿಸಿದ್ದಾರೆ. ಅದರ ಉದ್ದೇಶ ಸಂಬಂಧ ಸರಿಪಡಿಸುವುದಲ್ಲ, ಸರಿಪಡಿಸಲು ಆರು ತಿಂಗಳು ಪೂರ್ಣ ಮನಸ್ಸಿನಿಂದ ದುಡಿಯಬೇಕೋ ಬೇಡವೋ ಎಂದು ತಿಳಿಯುವುದು. ನೀವು ಕೌನ್ಸೆಲರ್ ಬಳಿ ಹೋದರೆ ‘ನಮಗೆ ಮೊದಲು ಅಷ್ಟೇ ಬೇಕು’ ಎಂದು ಹೇಳಿ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿಕೊಡಿ ಎಂದೂ ನ್ಯಾಯಾಧೀಶರನ್ನು ಕೇಳಬಹುದು. ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ, ಕೂಡಲಾಗದಿದ್ದರೆ ಅದನ್ನು ನಿಮ್ಮ ವಿರುದ್ಧ ಕೋರ್ಟಿನಲ್ಲಿ ಬಳಸುವಂತಿಲ್ಲ.

ಹೊಡೆತ ಇರಲಿಲ್ಲ ಎಂದಿದ್ದೀರಿ, ಅದನ್ನು ನಂಬಿಯೇ ಇಷ್ಟೆಲ್ಲ ಬರೆದೆ. ಇದನ್ನು ಓದುವ ಬೇರೆ ಯಾರಿಗಾದರೂ ಹೊಡೆತ, ಬೆದರಿಕೆ, ಫೋನಿನ ಮೇಲೆ ಕಣ್ಣು, ‘ಬಾರದಿದ್ದರೆ ಸಾಯುತ್ತೇನೆ’ ಎಂಬ ಮಾತು ಇದ್ದರೆ ಈ ಉತ್ತರ ಅವರಿಗಲ್ಲ. ಅವರು ಎರಡನೇ ಪ್ರಯತ್ನದ ಮಾತಿಗೆ ಮೊದಲು 181 ಮಹಿಳಾ ಸಹಾಯವಾಣಿಗೆ ಕರೆ ಮಾಡಲಿ.

ಇವತ್ತು ರಾತ್ರಿ ಅವರ ಫೋನ್ ಬರುತ್ತದಲ್ಲ, ಮಗಳ ಮಾತು ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿ: ‘ಆ ಆರು ಲಕ್ಷದಲ್ಲಿ ಈಗ ಎಷ್ಟು ಉಳಿದಿದೆ?’ ಕೇಳಿ ಸುಮ್ಮನಿರಿ, ಸಮರ್ಥನೆ ಸೇರಿಸಬೇಡಿ. ಅವರು ಅಂಕಿಯನ್ನು ಹೇಳಿದರೆ ಬರೆದಿಟ್ಟುಕೊಂಡು, ಹಾಳೆ ಬರೆಯುವ ವಿಷಯವನ್ನು ನಾಳೆಯ ಕರೆಯಲ್ಲಿ ತೆಗೆಯಿರಿ. ‘ಈಗ ಗೊತ್ತಿಲ್ಲ, ನಾಳೆ ನೋಡಿ ಹೇಳುತ್ತೇನೆ’ ಎಂದರೆ ನಾಳೆ ಅವರಾಗಿಯೇ ಹೇಳುತ್ತಾರೋ ಕಾದು ನೋಡಿ. ‘ಮತ್ತೆ ಅದನ್ನೇ ತೆಗೆದೆಯಾ’ ಎಂದು ಫೋನ್ ಇಟ್ಟರೆ ವಾರ ಬಿಟ್ಟು ಇನ್ನೊಮ್ಮೆ ಕೇಳಿ, ಎರಡನೇ ಸಲವೂ ಅದೇ ಆದರೆ ನನಗೆ ಬರೆಯಿರಿ.